‘ಕ್ಯಾನ್ ಏಬಲ್ ಟು’: ಅಳಿಸಬೇಕಾದ ಪದ ಯಾವುದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳಲ್ಲಿ ಓದಿ ಮಂಗಳೂರು, ಬೆಂಗಳೂರಿನ ಕಚೇರಿ ಸೇರಿದ ನಮ್ಮಂಥವರ ಈಮೇಲ್‌ಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ‘ಐ ಕ್ಯಾನ್ ಏಬಲ್ ಟು ಅಟೆಂಡ್ ದ ಮೀಟಿಂಗ್.’ ಇದು ತಪ್ಪು ಎಂದು ಬಹುತೇಕರಿಗೆ ಗೊತ್ತು. ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಕೊಡುವ ‘ಸಾಮಾನ್ಯ ತಪ್ಪುಗಳು’ ಪಟ್ಟಿಯಲ್ಲಿ ಇದು ಮೊದಲ ಸಾಲಿನಲ್ಲೇ ಇರುತ್ತದೆ. ಆದರೂ ಪಟ್ಟಿ ಓದಿದ ವಾರದಲ್ಲೇ ಅದೇ ವಾಕ್ಯ ಮತ್ತೆ ಬೆರಳ ತುದಿಗೆ ಬರುತ್ತದೆ.

ನಾನು ಮಂಗಳೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಊರಿನ ಗೆಳೆಯ ಗೆಳತಿಯರು ಕೆಲಸಕ್ಕೆ ಅರ್ಜಿ ಹಾಕುವಾಗ, ಕಚೇರಿಗೆ ಮೇಲ್ ಕಳಿಸುವಾಗ ‘ಒಮ್ಮೆ ನೋಡು ಮಾರಾಯ್ತಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ನನಗೆ ಹಾಕುತ್ತಾರೆ. ಹೀಗೆ ನೋಡುತ್ತಾ ಬಂದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಇಂಥ ಜೋಡಿ ಕ್ರಿಯಾಪದದ ತಪ್ಪನ್ನು ಒಂದು ಪದ ಅಳಿಸಿ ತಿದ್ದಿದರೆ ಸಾಲದು. ಕೆಲವೊಮ್ಮೆ ಹಾಗೆ ತಿದ್ದಿದ ವಾಕ್ಯ ವ್ಯಾಕರಣಕ್ಕೆ ಸರಿಹೊಂದಿದರೂ ಬರೆದವರು ಹೇಳಬೇಕೆಂದಿದ್ದ ಮಾತನ್ನೇ ಬದಲಿಸುತ್ತದೆ. ತಪ್ಪು ಎಲ್ಲಿಂದ ಬಂತು ಎಂದು ಮೊದಲು ತಿಳಿಯಬೇಕು. ಅದಕ್ಕೆ ನಮ್ಮ ಕನ್ನಡವೇ ಸಾಕು.

‘ನನಗೆ ಬರಲಿಕ್ಕೆ ಆಗ್ತದೆ’ ಎನ್ನುವುದು ನಮ್ಮ ಕಡೆಯ ಮಾತು. ತುಳುವಿನಲ್ಲಿಯೂ ‘ಮಲ್ಪೆರೆ ಆಪುಂಡು’ ಎನ್ನುತ್ತೇವೆ. ಎರಡರಲ್ಲೂ ಸಾಮರ್ಥ್ಯ ಹೇಳಲು ಎರಡು ತುಂಡು ಬೇಕು: ‘ಬರಲಿಕ್ಕೆ’ ಒಂದು, ‘ಆಗ್ತದೆ’ ಇನ್ನೊಂದು. ಇಂಗ್ಲಿಷಿಗೆ ಹೋಗುವಾಗ ‘ಆಗ್ತದೆ’ ಎಂಬ ಜಾಗಕ್ಕೆ ‘ಕ್ಯಾನ್’ ಬಂದು ಕೂರುತ್ತದೆ. ‘ಬರಲಿಕ್ಕೆ’ ಎಂಬುದರ ಕೊನೆಯ ‘ಕ್ಕೆ’ ಒಂದು ‘ಟು’ ಕೇಳುತ್ತದೆ. ‘ಕ್ಯಾನ್ ಟು ಕಮ್’ ಎಂದರೆ ಕಿವಿಗೆ ಸರಿ ಕೇಳುವುದಿಲ್ಲ. ‘ಟು’ ಇರುವ ಪರಿಚಿತ ತುಂಡು ಎಂದರೆ ‘ಏಬಲ್ ಟು’. ಅದು ಬಂದು ಸೇರಿಕೊಳ್ಳುತ್ತದೆ.

ಇನ್ನೊಂದು ಕಾರಣವೂ ಇದೆ. ‘ಏಬಲ್’ ಕ್ರಿಯಾಪದ ಅಲ್ಲ. ಅದು ‘ಸಮರ್ಥ’ ಎಂಬಂತೆ ಗುಣ ಹೇಳುವ ಪದ. ಕನ್ನಡದಲ್ಲಿ ‘ನಾನು ಸಮರ್ಥ’, ‘ನಾನು ವಿದ್ಯಾರ್ಥಿ’ ಎಂದರೆ ವಾಕ್ಯ ಮುಗಿಯಿತು, ನಡುವೆ ಕ್ರಿಯಾಪದ ಬೇಡ. ಇಂಗ್ಲಿಷಿನಲ್ಲಿ ಅಲ್ಲಿ ‘ಆ್ಯಮ್’ ಇರಲೇಬೇಕು. ನಮಗೆ ಆ ಜಾಗ ಖಾಲಿ ಎಂದೇ ಅನ್ನಿಸುವುದಿಲ್ಲ. ಹಾಗಾಗಿ ‘ಆ್ಯಮ್’ ಇರಬೇಕಾದಲ್ಲಿ ‘ಕ್ಯಾನ್’ ಕೂತಿದ್ದರೂ ನಮ್ಮ ಕಿವಿಗೆ ಏನೂ ಚುಚ್ಚುವುದಿಲ್ಲ.

ಇದನ್ನು ಹಿಡಿಯಲು ನಾನು ಗೆಳೆಯರಿಗೆ ಹೇಳುವ ಪರೀಕ್ಷೆ ಸರಳ. ‘ಏಬಲ್’ ಇರುವ ಜಾಗದಲ್ಲಿ ‘ರೆಡಿ’ ಹಾಕಿ ಓದಿ. ‘ಐ ಆ್ಯಮ್ ರೆಡಿ ಟು ಕಮ್’ ಸರಿ ಕೇಳುತ್ತದೆ, ಆದ್ದರಿಂದ ‘ಐ ಆ್ಯಮ್ ಏಬಲ್ ಟು ಕಮ್’ ಕೂಡ ಸರಿ. ‘ಐ ಕ್ಯಾನ್ ರೆಡಿ ಟು ಕಮ್’ ಎಂದು ಯಾರೂ ಬರೆಯುವುದಿಲ್ಲ, ಆದ್ದರಿಂದ ‘ಐ ಕ್ಯಾನ್ ಏಬಲ್ ಟು ಕಮ್’ ಕೂಡ ಆಗದು. ‘ಐ ಡಿಡ್ ನಾಟ್ ಏಬಲ್ ಟು ಓಪನ್ ದ ಫೈಲ್’ ಎಂಬುದನ್ನೂ ಇದೇ ಪರೀಕ್ಷೆ ಹಿಡಿಯುತ್ತದೆ. ಅಲ್ಲಿ ‘ವಾಸ್ ನಾಟ್ ಏಬಲ್ ಟು’ ಬೇಕು. ಈ ಪರೀಕ್ಷೆ ತಪ್ಪಿಸಿಕೊಳ್ಳಲು ಬಿಡುವುದು ‘ಕ್ಯಾನ್ ಬಿ ಏಬಲ್ ಟು’ ಎಂಬುದನ್ನು. ‘ಕ್ಯಾನ್ ಬಿ ರೆಡಿ’ ಸರಿ ಕೇಳುತ್ತದಲ್ಲ! ಅಲ್ಲಿರುವುದು ಬೇರೆ ತೊಂದರೆ: ಒಂದೇ ಅರ್ಥವನ್ನು ಎರಡು ಸಲ ಹೇಳಿದಂತಾಗುತ್ತದೆ. ‘ಕ್ಯಾನ್’ ಒಂದೇ ಸಾಕು.

ತಪ್ಪು ಗೊತ್ತಾಯಿತು. ಈಗ ‘ಕ್ಯಾನ್’ ಇಟ್ಟುಕೊಳ್ಳಬೇಕೋ ‘ಏಬಲ್ ಟು’ ಇಟ್ಟುಕೊಳ್ಳಬೇಕೋ? ಪಟ್ಟಿಗಳು ಹೇಳದೆ ಬಿಡುವ ಮಾತು ಇದು. ಉತ್ತರ ಮೇಲ್ ಯಾವ ಕಾಲದ ಬಗ್ಗೆ ಮಾತಾಡುತ್ತಿದೆ ಎಂಬುದರ ಮೇಲಿದೆ.

ಈಗಿನ ಮಾತಾದರೆ, ಅಥವಾ ಈಗಲೇ ನಿರ್ಧರಿಸಿ ಒಪ್ಪಿಕೊಳ್ಳುವ ಮುಂದಿನ ಕೆಲಸವಾದರೆ ‘ಕ್ಯಾನ್’ ಸಾಕು: ‘ಐ ಕ್ಯಾನ್ ಅಟೆಂಡ್ ದ ಇಂಟರ್‌ವ್ಯೂ ಆನ್ ಫ್ರೈಡೇ.’ ‘ಕ್ಯಾನ್’ ಎಂದರೆ ಒರಟು, ‘ಏಬಲ್ ಟು’ ಸೇರಿಸಿದರೆ ವಿನಯ ಎಂದು ಕೆಲವರು ಭಾವಿಸಿದ್ದಾರೆ. ಹಾಗೇನೂ ಇಲ್ಲ. ವಿನಯ ಬೇಕಾಗುವುದು ಇನ್ನೊಬ್ಬರಲ್ಲಿ ಕೇಳಿಕೊಳ್ಳುವಾಗ. ‘ಕ್ಯಾನ್ ಯು ಏಬಲ್ ಟು ಸೆಂಡ್’ ಎನ್ನುವ ಬದಲು ‘ಕುಡ್ ಯು ಪ್ಲೀಸ್ ಸೆಂಡ್’ ಎಂದರೆ ವಿನಯವೂ ಬಂತು, ವ್ಯಾಕರಣವೂ ಉಳಿಯಿತು.

ಈಗ ಆಗದ, ಮುಂದೆ ಆಗುವ ಕೆಲಸವಾದರೆ ‘ವಿಲ್ ಬಿ ಏಬಲ್ ಟು’: ‘ಟ್ರೈನಿಂಗ್ ಮುಗಿದ ಮೇಲೆ ನಾನೊಬ್ಬಳೇ ಇನ್‌ವಾಯ್ಸ್ ಮಾಡಬಲ್ಲೆ’ ಎಂಬಂಥ ಮಾತಿಗೆ ಇದು ಬೇಕು. ಇಲ್ಲಿ ‘ಕ್ಯಾನ್’ ಉಳಿಸಿಕೊಂಡು ‘ವಿಲ್ ಕ್ಯಾನ್’ ಎಂದು ಬರೆಯುವವರಿದ್ದಾರೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ವಿಲ್ ಕ್ಯಾನ್’ ಬಳಕೆಯಲ್ಲಿ ಇದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ‘ಮೈಟ್ ಕುಡ್’ ಎನ್ನುತ್ತಾರೆ. ಅಂದರೆ ಇಂಥ ಜೋಡಣೆ ಬುದ್ಧಿ ಕಡಿಮೆ ಎಂಬುದರ ಗುರುತಲ್ಲ. ಆದರೆ ಕಚೇರಿಯ ಇಂಗ್ಲಿಷಿನಲ್ಲಿ ಅದಕ್ಕೆ ಜಾಗವಿಲ್ಲ. ಅಲ್ಲಿ ‘ಕ್ಯಾನ್’ ಪದವು ‘ವಿಲ್’, ‘ಟು’, ‘ಹ್ಯಾವ್’ ಇವುಗಳ ಹಿಂದೆ ಬರಲಾರದು. ಹಾಗೆ ಬರಬೇಕಾದಾಗ ಅದರ ಕೆಲಸವನ್ನು ‘ಬಿ ಏಬಲ್ ಟು’ ಮಾಡುತ್ತದೆ.

ಎಡವಟ್ಟಾಗುವುದು ಹಿಂದೆ ಆದ ಕೆಲಸದ ವಿಷಯದಲ್ಲಿ. ಬೆಳ್ತಂಗಡಿ ಕಡೆಯ ನನ್ನ ಗೆಳತಿಯೊಬ್ಬಳಿಗೆ ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸೇರುವ ಮೊದಲು ಆಕೆ ಅಲ್ಲಿನ ಎಚ್‌ಆರ್ ವಿಭಾಗಕ್ಕೆ ಬರೆದ ಮೇಲ್ ಹೀಗಿತ್ತು:

‘ಡಿಯರ್ ಮೇಡಂ, ಐ ಕುಡ್ ಏಬಲ್ ಟು ಸಬ್ಮಿಟ್ ದ ಒರಿಜಿನಲ್ ಸರ್ಟಿಫಿಕೇಟ್ಸ್ ಆನ್ ಮಂಡೇ. ಐ ಡಿಡ್ ನಾಟ್ ರಿಸೀವ್ಡ್ ದ ಅಕ್ನಾಲೆಜ್‌ಮೆಂಟ್. ಐ ಆ್ಯಮ್ ಕಂಪ್ಲೀಟೆಡ್ ದ ಆನ್‌ಲೈನ್ ಟ್ರೈನಿಂಗ್.’

ಕಳಿಸುವ ಮೊದಲು ಪಿಜಿಯ ಜೊತೆಗಾತಿಯೊಬ್ಬಳು ನೋಡಿ ಮೊದಲ ವಾಕ್ಯದ ‘ಏಬಲ್ ಟು’ ಅಳಿಸಿದಳು. ವಾಕ್ಯ ‘ಐ ಕುಡ್ ಸಬ್ಮಿಟ್ ದ ಒರಿಜಿನಲ್ ಸರ್ಟಿಫಿಕೇಟ್ಸ್ ಆನ್ ಮಂಡೇ’ ಎಂದಾಯಿತು. ವ್ಯಾಕರಣದ ಪ್ರಕಾರ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಬಂದ ಉತ್ತರ: ‘ಸರಿ, ಸೋಮವಾರ ತಂದುಕೊಡಿ.’ ಗೆಳತಿಗೆ ಗಾಬರಿ. ಅವಳು ಸರ್ಟಿಫಿಕೇಟುಗಳನ್ನು ಹಿಂದಿನ ಸೋಮವಾರವೇ ಕೊಟ್ಟು ಬಂದಿದ್ದಳು! ಕೊಟ್ಟ ಮೂಲಪ್ರತಿಗಳು ಎಲ್ಲಿ ಹೋದವು ಎಂದು ಹುಡುಕಾಟ, ಫೋನು, ಮತ್ತೆ ಮೇಲ್. ಎರಡು ದಿನ ಹೋಯಿತು.

ಆ ಮೇಡಂ ಓದಿದ್ದರಲ್ಲಿ ತಪ್ಪಿಲ್ಲ. ‘ಕುಡ್’ ಎಂಬುದು ‘ಕ್ಯಾನ್’ ಪದದ ಭೂತಕಾಲ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ನಿಜ. ‘ಚಿಕ್ಕವಳಿದ್ದಾಗ ಈಜುತ್ತಿದ್ದೆ, ಈಜಲು ಬರುತ್ತಿತ್ತು’ ಎಂಬಂತೆ ಹಿಂದೆ ಇದ್ದ ಸಾಮರ್ಥ್ಯಕ್ಕೆ ‘ಕುಡ್’ ಸರಿ. ಒಂದು ದಿನ, ಒಂದು ಸಲ, ಮಾಡಿ ಮುಗಿಸಿದ ಕೆಲಸಕ್ಕೆ ಅದು ಹೊಂದುವುದಿಲ್ಲ. ಅಂಥಲ್ಲಿ ‘ಐ ಕುಡ್ ಸಬ್ಮಿಟ್ ಆನ್ ಮಂಡೇ’ ಎಂದರೆ ಓದುವವರಿಗೆ ‘ಬೇಕಿದ್ದರೆ ಸೋಮವಾರ ಕೊಡಬಹುದು’ ಎಂಬ ಮುಂದಿನ ಮಾತಾಗಿ ಕೇಳುತ್ತದೆ. ಕಷ್ಟಪಟ್ಟು ಆದ ಕೆಲಸ ಎಂದು ತೋರಿಸಬೇಕಿದ್ದರೆ ‘ಐ ವಾಸ್ ಏಬಲ್ ಟು ಸಬ್ಮಿಟ್’ ಎನ್ನಬೇಕಿತ್ತು. ಇಲ್ಲಿ ಅದೂ ಬೇಡ. ಅವಳು ಹೇಳಬೇಕಾದ್ದು ‘ಕೊಟ್ಟಿದ್ದೇನೆ’ ಎಂಬುದಷ್ಟೇ. ‘ಐ ಸಬ್ಮಿಟೆಡ್ ದ ಒರಿಜಿನಲ್ ಸರ್ಟಿಫಿಕೇಟ್ಸ್ ಲಾಸ್ಟ್ ಮಂಡೇ’ ಎಂದರೆ ‘ಕುಡ್’, ‘ಏಬಲ್’ ಎರಡೂ ಹೊರಗೆ ಹೋದವು, ಅನುಮಾನವೂ ಹೋಯಿತು. ಮುಗಿದ ಕೆಲಸ ತಿಳಿಸುವ ಮೇಲ್‌ಗಳಲ್ಲಿ ಹೆಚ್ಚಿನ ಸಲ ಸರಿಯಾದ ತಿದ್ದುಪಡಿ ಇದೇ: ಎರಡನ್ನೂ ತೆಗೆದು ನೇರವಾಗಿ ಭೂತಕಾಲದ ಕ್ರಿಯಾಪದ ಹಾಕುವುದು.

ಒಂದು ಸಮಾಧಾನದ ಸಂಗತಿ ಎಂದರೆ ‘ಆಗಲಿಲ್ಲ’ ಎನ್ನುವಾಗ ಈ ಕಾಟ ಇಲ್ಲ. ‘ಐ ಕುಡ್ ನಾಟ್ ಓಪನ್ ದ ಫೈಲ್’, ‘ಐ ವಾಸ್ ನಾಟ್ ಏಬಲ್ ಟು ಓಪನ್ ದ ಫೈಲ್’ ಎರಡೂ ಸರಿ, ಎರಡಕ್ಕೂ ಅರ್ಥ ಒಂದೇ. ‘ಕುಡ್ ನಾಟ್ ಏಬಲ್ ಟು’ ಮಾತ್ರ ಆಗದು.

ಈಗ ಗೆಳತಿಯ ಎರಡನೇ ವಾಕ್ಯ: ‘ಡಿಡ್ ನಾಟ್ ರಿಸೀವ್ಡ್.’ ಭೂತಕಾಲದ ಗುರುತು ಎರಡು ಕಡೆ ಬಿದ್ದಿದೆ, ‘ಡಿಡ್’ ಒಂದರಲ್ಲಿ, ‘ರಿಸೀವ್ಡ್’ ಇನ್ನೊಂದರಲ್ಲಿ. ಇದನ್ನು ‘ನಿಯಮ’ ಎಂದು ಬಾಯಿಪಾಠ ಮಾಡುವುದಕ್ಕಿಂತ ಕನ್ನಡವನ್ನು ಕೇಳಿಸಿಕೊಳ್ಳಿ. ‘ಕಾಗದ ಬಂತು’ ಎಂಬುದಕ್ಕೆ ಇಲ್ಲ ಸೇರಿಸಿದರೆ ನಾವು ‘ಬಂತಿಲ್ಲ’ ಎನ್ನುತ್ತೇವೆಯೇ? ಇಲ್ಲ. ‘ಬರಲಿಲ್ಲ’ ಎನ್ನುತ್ತೇವೆ. ‘ಬಂತು’ ತನ್ನ ಭೂತಕಾಲವನ್ನು ಕಳಚಿಟ್ಟು ‘ಬರಲು’ ಆಗುತ್ತದೆ. ಇಂಗ್ಲಿಷಿನ ‘ಡಿಡ್ ನಾಟ್ ರಿಸೀವ್’ ಕೂಡ ಹಾಗೆಯೇ. ‘ರಿಸೀವ್ಡ್’ ತನ್ನ ಕೊನೆಯ ತುಂಡನ್ನು ಕಳಚಿ ‘ರಿಸೀವ್’ ಆಗುತ್ತದೆ, ಕಾಲದ ಭಾರ ‘ಡಿಡ್’ ಹೊರುತ್ತದೆ.

ಹಾಗಾದರೆ ‘ನಾಟ್ ರಿಸೀವ್ಡ್’ ಎಂಬುದು ಎಲ್ಲಿಂದ ಬಂತು? ‘ಬಂದಿಲ್ಲ’ ಎಂಬ ನಮ್ಮ ಇನ್ನೊಂದು ರೂಪವನ್ನು ನೋಡಿ. ಅದರಲ್ಲಿ ‘ಬಂದು’ ಉಳಿದಿದೆ. ಅದರ ಜೋಡಿ ಇಂಗ್ಲಿಷಿನಲ್ಲಿ ‘ಹ್ಯಾವ್ ನಾಟ್ ರಿಸೀವ್ಡ್.’ ಅಂದರೆ ‘ಡಿಡ್ ನಾಟ್ ರಿಸೀವ್ಡ್’ ಎಂಬುದು ‘ಬರಲಿಲ್ಲ’ ಮತ್ತು ‘ಬಂದಿಲ್ಲ’ ಎರಡನ್ನೂ ಬೆರೆಸಿದ ವಾಕ್ಯ. ಹೀಗಾಗಿ ತಿದ್ದುವ ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ‘ಬರಲಿಲ್ಲ’ ಎಂದು ಬಂದರೆ ‘ಡಿಡ್ ನಾಟ್ ರಿಸೀವ್’, ‘ಇನ್ನೂ ಬಂದಿಲ್ಲ’ ಎಂದು ಬಂದರೆ ‘ಹ್ಯಾವ್ ನಾಟ್ ರಿಸೀವ್ಡ್.’

ಈ ವ್ಯತ್ಯಾಸ ಕಚೇರಿಯಲ್ಲಿ ಕೆಲಸಕ್ಕೆ ಬರುತ್ತದೆ. ‘ಕಳೆದ ತಿಂಗಳು ಆ ಬಿಲ್ ನಮಗೆ ಬರಲಿಲ್ಲ’ ಎಂದರೆ ಆಗಿಹೋದ ವಿಷಯ, ಲೆಕ್ಕಕ್ಕೆ ಒಂದು ವಿವರಣೆ. ‘ಆ ಬಿಲ್ ಇನ್ನೂ ಬಂದಿಲ್ಲ’ ಎಂದರೆ ನಾವು ಕಾಯುತ್ತಿದ್ದೇವೆ, ದಯವಿಟ್ಟು ಕಳಿಸಿ ಎಂಬ ಸೂಚನೆ. ಗೆಳತಿ ಅಕ್ನಾಲೆಜ್‌ಮೆಂಟಿಗಾಗಿ ಕಾಯುತ್ತಿದ್ದಳು. ಆದ್ದರಿಂದ ಅವಳಿಗೆ ಬೇಕಿದ್ದದ್ದು ‘ಐ ಹ್ಯಾವ್ ನಾಟ್ ರಿಸೀವ್ಡ್ ದ ಅಕ್ನಾಲೆಜ್‌ಮೆಂಟ್ ಯೆಟ್.’ ಬರೀ ಕೊನೆಯ ತುಂಡು ಅಳಿಸಿ ‘ಡಿಡ್ ನಾಟ್ ರಿಸೀವ್’ ಎಂದಿದ್ದರೆ ತಪ್ಪು ಹೋಗುತ್ತಿತ್ತು, ‘ಕಳಿಸಿ’ ಎಂಬ ಧ್ವನಿಯೂ ಕುಗ್ಗುತ್ತಿತ್ತು.

ಮೂರನೆಯದು ‘ಐ ಆ್ಯಮ್ ಕಂಪ್ಲೀಟೆಡ್.’ ಉದ್ಯೋಗದ ಅರ್ಜಿಗಳಲ್ಲಿ ‘ಐ ಆ್ಯಮ್ ಕಂಪ್ಲೀಟೆಡ್ ಬಿ.ಕಾಂ.’ ಎಂದು ಇದು ಮೊದಲ ಸಾಲಿನಲ್ಲೇ ಕುಳಿತಿರುತ್ತದೆ. ಇದಕ್ಕೂ ಕನ್ನಡದಲ್ಲಿ ಬೇರು ಇದೆ. ‘ಮುಗಿಸಿದ್ದೇನೆ’ ಪದವನ್ನು ಬಿಡಿಸಿದರೆ ‘ಮುಗಿಸಿ’ ಮತ್ತು ‘ಇದ್ದೇನೆ.’ ‘ನಾನು ಮನೆಯಲ್ಲಿ ಇದ್ದೇನೆ’ ಎನ್ನುವಾಗ ಇರುವುದೂ ಅದೇ ‘ಇದ್ದೇನೆ.’ ಅಲ್ಲಿ ಅದಕ್ಕೆ ‘ಆ್ಯಮ್’ ಎಂದು ಕಲಿತ ಮನಸ್ಸು ಇಲ್ಲಿಯೂ ‘ಆ್ಯಮ್’ ಹಾಕುತ್ತದೆ. ಆದರೆ ಇಂಗ್ಲಿಷು ‘ಮುಗಿಸಿದ್ದೇನೆ’ ಎನ್ನಲು ‘ಇರು’ವನ್ನು ಬಳಸದೆ ‘ಹ್ಯಾವ್’ ಬಳಸುತ್ತದೆ: ‘ಐ ಹ್ಯಾವ್ ಕಂಪ್ಲೀಟೆಡ್ ದ ಆನ್‌ಲೈನ್ ಟ್ರೈನಿಂಗ್.’

ಇಲ್ಲೊಂದು ಎಚ್ಚರಿಕೆ. ಅರ್ಜಿಯಲ್ಲಿ ಇಸವಿ ಬರೆಯುವುದಿದ್ದರೆ ‘ಹ್ಯಾವ್’ ಕೂಡ ಬೇಡ. ‘ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ. ಇನ್ 2023’ ಎಂದರೆ ಒಂದು ತಪ್ಪು ಬಿಟ್ಟು ಇನ್ನೊಂದನ್ನು ಹಿಡಿದಂತೆ. ಮುಗಿದುಹೋದ ದಿನ, ವರ್ಷ ಹೇಳಿದೊಡನೆ ಇಂಗ್ಲಿಷು ಸರಳ ಭೂತಕಾಲ ಕೇಳುತ್ತದೆ: ‘ಐ ಕಂಪ್ಲೀಟೆಡ್ ಬಿ.ಕಾಂ. ಇನ್ 2023.’ ಇಸವಿ ಇಲ್ಲದಿದ್ದರೆ ‘ಹ್ಯಾವ್’, ಇಸವಿ ಇದ್ದರೆ ಬರೀ ‘ಕಂಪ್ಲೀಟೆಡ್.’ ‘ಐ ಆ್ಯಮ್ ಅಗ್ರೀ’ ಎಂಬುದೂ ಇದರ ದಾಯಾದಿಯೇ. ‘ನಾನು ಒಪ್ಪುತ್ತೇನೆ’ ಎನ್ನುವಲ್ಲಿ ‘ಆ್ಯಮ್’ ಕೂರಲು ಜಾಗವೇ ಇಲ್ಲ, ‘ಐ ಅಗ್ರೀ’ ಸಾಕು.

ಗೆಳತಿಯ ಮೇಲ್ ಕೊನೆಗೆ ಹೀಗಾಗಬೇಕಿತ್ತು: ‘ಐ ಸಬ್ಮಿಟೆಡ್ ದ ಒರಿಜಿನಲ್ ಸರ್ಟಿಫಿಕೇಟ್ಸ್ ಲಾಸ್ಟ್ ಮಂಡೇ. ಐ ಹ್ಯಾವ್ ನಾಟ್ ರಿಸೀವ್ಡ್ ದ ಅಕ್ನಾಲೆಜ್‌ಮೆಂಟ್ ಯೆಟ್. ಐ ಹ್ಯಾವ್ ಕಂಪ್ಲೀಟೆಡ್ ದ ಆನ್‌ಲೈನ್ ಟ್ರೈನಿಂಗ್.’ ಮೂರು ವಾಕ್ಯ, ಮೂರಕ್ಕೆ ಮೂರು ಬೇರೆ ಬೇರೆ ತಿದ್ದುಪಡಿ. ಯಾವುದೂ ‘ಒಂದು ಪದ ಅಳಿಸು’ ಎಂಬ ಒಂದೇ ಸೂತ್ರಕ್ಕೆ ಸಿಗಲಿಲ್ಲ.

ಆದ್ದರಿಂದ ಬೇರೆಯವರ ಮೇಲ್ ತಿದ್ದುವವರಿಗೆ ನನ್ನ ಮೊದಲ ಮನವಿ: ತಿದ್ದುವ ಮೊದಲು ಕೇಳಿ. ‘ಇದು ಆಗಿಹೋಗಿದೆಯೋ, ಆಗಬೇಕಾ?’ ಎಂಬ ಒಂದು ಪ್ರಶ್ನೆ ಆ ಜೊತೆಗಾತಿ ಕೇಳಿದ್ದರೆ ಎರಡು ದಿನದ ಓಡಾಟ ಉಳಿಯುತ್ತಿತ್ತು. ಕಚೇರಿಯ ಹಿರಿಯರು ಎಲ್ಲರಿಗೂ ಪ್ರತಿ ಹೋಗುವ ಮೇಲ್‌ನಲ್ಲಿ ತಪ್ಪು ಎತ್ತಿ ತೋರಿಸುವ ಬದಲು ಬರೆದವರನ್ನೇ ಕರೆದು ಕೇಳಿದರೆ ಅವರಿಗೆ ಅರ್ಥವೂ ಸರಿಯಾಗಿ ಸಿಗುತ್ತದೆ. ಎಲ್ಲರ ಮುಂದೆ ತಿದ್ದಿಸಿಕೊಂಡವರು ಮುಂದಿನ ಸಲ ಮೇಲ್ ಬರೆಯುವುದನ್ನೇ ಮುಂದೂಡುವುದನ್ನು ನಾನು ಕಂಡಿದ್ದೇನೆ.

ಎರಡನೇ ಮಾತು ನಮ್ಮ ಕಾಲೇಜುಗಳಿಗೆ. ಮೂಡುಬಿದಿರೆಯ ‘ಆಳ್ವಾಸ್ ಪ್ರಗತಿ’ಯಂಥ ಉದ್ಯೋಗ ಮೇಳಕ್ಕೆ ಮೂರೂ ಕಡೆಯಿಂದ ಯುವಕ ಯುವತಿಯರು ಹೋಗುತ್ತಾರೆ. ಅದಕ್ಕೆ ಮೊದಲು ನಡೆಯುವ ತರಬೇತಿಗಳಲ್ಲಿ ‘ಕನ್ನಡದಲ್ಲಿ ಯೋಚಿಸಬೇಡಿ, ಇಂಗ್ಲಿಷಿನಲ್ಲೇ ಯೋಚಿಸಿ’ ಎಂಬ ಸಲಹೆ ಕೇಳಿಬರುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. 1872ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಜೆ. ಬ್ರಿಗೆಲ್ ಅವರ ತುಳು ವ್ಯಾಕರಣ ಪ್ರಕಟವಾಯಿತು, ಅದೂ ಇಂಗ್ಲಿಷಿನಲ್ಲಿ. ನಮ್ಮ ಭಾಷೆ ಕಲಿಯಬಯಸಿದ ಹೊರಗಿನವರಿಗೆ ತಮಗೆ ಗೊತ್ತಿದ್ದ ಭಾಷೆಯಲ್ಲಿ ಅದರ ವಿವರಣೆ ಬೇಕಾಗಿತ್ತು. ನಮಗೆ ಮಾತ್ರ ಏಕೆ ಬೇಡ? ‘ಬರಲಿಲ್ಲ–ಬಂದಿಲ್ಲ’, ‘ಮುಗಿಸಿದ್ದೇನೆ’, ‘ಬರಲಿಕ್ಕೆ ಆಗ್ತದೆ’ ಈ ಮೂರನ್ನು ಹಲಗೆಯ ಮೇಲೆ ಬರೆದು ಪಕ್ಕದಲ್ಲಿ ಇಂಗ್ಲಿಷ್ ಜೋಡಿ ಬರೆಯಲು ಒಂದು ತರಗತಿಯ ಅವಧಿ ಸಾಕು.

ಕೊನೆಯದಾಗಿ, ನಿಮ್ಮದೇ ಮೇಲ್‌ಗಳಲ್ಲಿ ಇವು ಇವೆಯೋ ಎಂದು ನೋಡುವ ಬಗೆ. ಅಕ್ಷರದ ತಪ್ಪಿಗೆ ಕೆಂಪು ಗೆರೆ ಎಳೆಯುವ ಸೌಲಭ್ಯವನ್ನೇ ನಂಬಬೇಡಿ. ‘ಕ್ಯಾನ್’, ‘ಏಬಲ್’, ‘ಟು’ ಒಂದೊಂದರ ಅಕ್ಷರವೂ ಸರಿಯಾಗಿಯೇ ಇರುತ್ತದೆ. ಜಿಮೇಲ್ ಬಳಸುವವರು ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಇವನ್ನು ಒಂದೊಂದಾಗಿ ಟೈಪ್ ಮಾಡಿ:

```
in:sent "can able"
in:sent "could able"
in:sent "did not received"
in:sent "am completed"
```

ಈವರೆಗೆ ಕಳಿಸಿದ ಮೇಲ್‌ಗಳಲ್ಲಿ ಆ ಜೋಡಿ ಇರುವವು ಎದುರಿಗೆ ಬರುತ್ತವೆ. ಕಳಿಸಿದ್ದನ್ನು ವಾಪಸ್ ತರಲಾಗದು. ಆದರೆ ನಿಮ್ಮ ಕೈ ಈ ನಾಲ್ಕರಲ್ಲಿ ಯಾವುದರ ಕಡೆ ಹೋಗುತ್ತದೆ ಎಂದು ತಿಳಿಯುತ್ತದೆ. ಹೆಚ್ಚಿನವರಿಗೆ ಒಂದೋ ಎರಡೋ ಮಾತ್ರ ಅಭ್ಯಾಸವಾಗಿರುತ್ತದೆ, ನಾಲ್ಕೂ ಇರುವುದು ಅಪರೂಪ. ಮುಂದಿನ ಮೇಲ್‌ನಲ್ಲಿ ಅದೊಂದನ್ನೇ ಹುಡುಕಿ. ಸಿಕ್ಕಿದರೆ ತಕ್ಷಣ ಅಳಿಸಬೇಡಿ. ಆ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. ‘ಆಗ್ತದೆ’, ‘ಆಯಿತು’, ‘ಆಗಿದೆ’, ‘ಮುಂದೆ ಆಗಬಹುದು’ ಇವುಗಳಲ್ಲಿ ಯಾವುದು ಬಾಯಿಗೆ ಬಂತು ಎಂದು ನೋಡಿ, ಆಮೇಲೆ ಅದಕ್ಕೆ ತಕ್ಕ ಇಂಗ್ಲಿಷ್ ರೂಪ ಹಾಕಿ ಕಳಿಸಿ.